‘ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ’

ಒಂದು ಸಮಸ್ಯೆಯನ್ನು ಊಹಿಸಿಕೊಳ್ಳೋಣ. ಊರ ಹಳ್ಳಕ್ಕೆ ಕಟ್ಟಿದ ಸೇತುವೆ ಮೊದಲ ಮಳೆಗಾಲದಲ್ಲೇ ಕುಸಿದಿದೆ. ಆ ಊರಿನ ರೈತರೊಬ್ಬರು 2026ರ ಜನವರಿಯಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರೆ. ಅವರು ಕೇಳಿರುವುದು ನಾಲ್ಕು ದಾಖಲೆ: ಕಾಮಗಾರಿಯ ಅಳತೆ ಪುಸ್ತಕ ಮತ್ತು ಬಿಲ್ಲುಗಳು, ಉಸ್ತುವಾರಿ ಎಂಜಿನಿಯರ್ ಮೇಲೆ ನಡೆದ ಇಲಾಖಾ ವಿಚಾರಣೆಯ ವರದಿ ಮತ್ತು ಶಿಕ್ಷೆಯ ಆದೇಶ, ಅವರು ಸರ್ಕಾರಕ್ಕೆ ಸಲ್ಲಿಸಿದ ಆಸ್ತಿ ವಿವರ, ಆ ವರ್ಷ ಅವರು ಪಡೆದ ವೈದ್ಯಕೀಯ ರಜೆಯ ಕಾಗದಪತ್ರ. ಮಾಹಿತಿ ಅಧಿಕಾರಿಯ ಹಿಂಬರಹ ಒಂದೇ ಸಾಲಿನದು: ‘ಕೋರಿದ ಮಾಹಿತಿಯು ಕಲಂ 8(1)(ಜೆ) ಪ್ರಕಾರ ವೈಯಕ್ತಿಕವಾಗಿರುವುದರಿಂದ ನೀಡಲು ಬರುವುದಿಲ್ಲ.’ ಇದು ಸರಿಯೇ?

ಕಾನೂನು ಪದವಿಯ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದರೆ ಮೊದಲು ನೋಡಬೇಕಾದದ್ದು ತಾರೀಕು. 2005ರ ಅಧಿನಿಯಮದಲ್ಲಿ ಇದ್ದ 8(1)(ಜೆ) ಈಗ ಇಲ್ಲ. ಹಳೆಯ ಪಾಠ ಉದ್ದವಾಗಿತ್ತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನದ ಮೇಲೆ ಅನಗತ್ಯ ದಾಳಿಯಾಗುವಂಥ ವೈಯಕ್ತಿಕ ಮಾಹಿತಿಯನ್ನು ಮಾತ್ರ ತಡೆಹಿಡಿಯಬಹುದಿತ್ತು. ಅದನ್ನೂ ವಿಶಾಲ ಸಾರ್ವಜನಿಕ ಹಿತಾಸಕ್ತಿ ಇದೆ ಎಂದು ಮಾಹಿತಿ ಅಧಿಕಾರಿಗೆ ಮನವರಿಕೆಯಾದರೆ ಕೊಡಬಹುದಿತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಉಪಬಂಧವೂ ಜೊತೆಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಕಲಂ 44(3) ಇದೆಲ್ಲವನ್ನೂ ತೆಗೆದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟನ್ನೇ ಉಳಿಸಿತು. ಈ ತಿದ್ದುಪಡಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಹಳೆಯ ನೋಟ್ಸ್ ಓದಿದವರು 8(1)(ಜೆ) ಒಳಗೇ ಸಾರ್ವಜನಿಕ ಹಿತಾಸಕ್ತಿ ಇದೆ ಎಂದು ಬರೆದರೆ, ನಮ್ಮ ರೈತರ ಅರ್ಜಿಯ ಮಟ್ಟಿಗೆ ಅದು ತಪ್ಪು.

ಈ ತಿದ್ದುಪಡಿಗೆ ಕೊಟ್ಟ ಸಮರ್ಥನೆ ಖಾಸಗಿತನದ ಹಕ್ಕು. 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಅದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿತು. ಅರ್ಜಿದಾರ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಆದರೆ ಆ ತೀರ್ಪು ಖಾಸಗಿತನ ಮಿತಿಯಿಲ್ಲದ ಹಕ್ಕೆಂದು ಹೇಳಲಿಲ್ಲ. ಉದ್ದೇಶಕ್ಕೆ ತಕ್ಕಷ್ಟೇ ನಿರ್ಬಂಧವಿರಬೇಕು ಎಂಬ ಅಳತೆಗೋಲನ್ನು ಕೊಟ್ಟಿತು. ಹಳೆಯ 8(1)(ಜೆ) ಅಂಥ ತೂಗುವಿಕೆಯನ್ನು ತನ್ನೊಳಗೇ ಇಟ್ಟುಕೊಂಡಿತ್ತು. ಅದನ್ನು ಕಿತ್ತುಹಾಕಿದ್ದು ನಾಗರಿಕರಿಗೆ ಆದ ನಷ್ಟ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ತಕ್ಕಡಿ ಎಲ್ಲಿ ಹೋಯಿತು? ಕಲಂ 8(2)ರಲ್ಲಿ ಇನ್ನೂ ಇದೆ. ಮಾಹಿತಿ ಬಹಿರಂಗವಾಗುವುದರಲ್ಲಿರುವ ಸಾರ್ವಜನಿಕ ಹಿತಾಸಕ್ತಿ, ರಕ್ಷಿತ ಹಿತಾಸಕ್ತಿಗೆ ಆಗುವ ಹಾನಿಗಿಂತ ಹೆಚ್ಚು ತೂಗಿದರೆ, 8(1)ರ ಯಾವ ವಿನಾಯಿತಿ ಇದ್ದರೂ ಸಾರ್ವಜನಿಕ ಪ್ರಾಧಿಕಾರವು ಮಾಹಿತಿಯನ್ನು ಕೊಡಬಹುದು. ಇಲ್ಲಿ ಎರಡು ವ್ಯತ್ಯಾಸ ಗಮನಿಸಬೇಕು. ಹಳೆಯ ಪಾಠ ಈ ತೀರ್ಮಾನವನ್ನು ಮಾಹಿತಿ ಅಧಿಕಾರಿಗೂ ಮೇಲ್ಮನವಿ ಪ್ರಾಧಿಕಾರಕ್ಕೂ ಹೆಸರಿಸಿ ಒಪ್ಪಿಸಿತ್ತು. 8(2) ಹೆಸರಿಸುವುದು ‘ಸಾರ್ವಜನಿಕ ಪ್ರಾಧಿಕಾರ’ವನ್ನು, ಎಂದರೆ ಇಲಾಖೆಯನ್ನೇ. ಜೊತೆಗೆ ಅದರ ಭಾಷೆ ‘ಕೊಡಬಹುದು’ ಎಂಬುದು, ‘ಕೊಡತಕ್ಕದ್ದು’ ಎಂದಲ್ಲ. ಕೆಳಹಂತದ ಅಧಿಕಾರಿ ‘ಅದು ನನ್ನ ಕೆಲಸವಲ್ಲ’ ಎಂದು ಕೈತೊಳೆದುಕೊಳ್ಳುವ ಅಪಾಯ ಇಲ್ಲಿಂದಲೇ ಹುಟ್ಟುತ್ತದೆ. ಅದಕ್ಕೇ ಅರ್ಜಿಯಲ್ಲಿ 8(2)ನ್ನು ಹೆಸರಿಸಿ ಕೇಳುವುದು ಒಳ್ಳೆಯದು.

ಸಾರ್ವಜನಿಕ ಹಿತಾಸಕ್ತಿ ಇದೆ ಎಂದು ಸುಮ್ಮನೆ ಹೇಳಿದರೆ ಸಾಲದು ಎಂಬುದಕ್ಕೆ 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪು ಸಾಕ್ಷಿ. ಒಬ್ಬ ಅಧಿಕಾರಿಗೆ ಕೊಟ್ಟ ಮೆಮೊ, ಶೋಕಾಸ್ ನೋಟಿಸ್, ಶಿಕ್ಷೆಯ ಆದೇಶ, ಆದಾಯ ತೆರಿಗೆ ರಿಟರ್ನ್ ಇವೆಲ್ಲ ವೈಯಕ್ತಿಕ ಮಾಹಿತಿ ಎಂದಿತು ಕೋರ್ಟು. ಅರ್ಜಿದಾರರು ವಿಶಾಲ ಹಿತಾಸಕ್ತಿಯನ್ನು ತೋರಿಸಿಲ್ಲವೆಂದು ಮಾಹಿತಿ ಸಿಗಲಿಲ್ಲ. 2019ರಲ್ಲಿ ಸುಭಾಷ್ ಚಂದ್ರ ಅಗರ್‌ವಾಲ್ ಪ್ರಕರಣದ ಐವರು ನ್ಯಾಯಮೂರ್ತಿಗಳ ಪೀಠವೂ ಶಿಸ್ತುಕ್ರಮ, ಆಸ್ತಿ, ವೈದ್ಯಕೀಯ ದಾಖಲೆಗಳನ್ನು ವೈಯಕ್ತಿಕ ಮಾಹಿತಿಯ ಪಟ್ಟಿಗೆ ಸೇರಿಸಿ, ಸಾರ್ವಜನಿಕ ಹಿತಾಸಕ್ತಿ ಸಾಬೀತಾದರೆ ಅವು ಸಿಗಬಲ್ಲವು ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮುಖ್ಯ ಮಾತಿದೆ. ಕಲಂ 6(2)ರ ಪ್ರಕಾರ ಅರ್ಜಿದಾರರು ಕಾರಣ ಹೇಳಬೇಕಿಲ್ಲ. ಆದರೆ ಸಾರ್ವಜನಿಕ ಹಿತಾಸಕ್ತಿಯನ್ನು ತೂಗುವಾಗ ಉದ್ದೇಶವೂ ಗಣನೆಗೆ ಬರಬಹುದು. ಹಾಗಾಗಿ ನಮ್ಮ ರೈತರು ‘ಸೇತುವೆ ಕುಸಿದಿದೆ, ಖರ್ಚಾದದ್ದು ಸರ್ಕಾರದ ಹಣ, ಮಕ್ಕಳು ಶಾಲೆಗೆ ದಾಟುವ ದಾರಿ ಇದೇ’ ಎಂದು ಬರೆದಿದ್ದರೆ ಅವರ ಪಕ್ಷ ಗಟ್ಟಿಯಾಗುತ್ತದೆ.

ಈಗ ದಾಖಲೆಗಳನ್ನು ಒಂದೊಂದಾಗಿ ನೋಡೋಣ. ನಾಲ್ಕಕ್ಕೂ ಒಂದೇ ಉತ್ತರ ಬರೆದದ್ದೇ ಹಿಂಬರಹದ ದೊಡ್ಡ ದೋಷ. ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಸಹಿ ಇದೆ ಎಂದ ಮಾತ್ರಕ್ಕೆ ಅದು ಅವರ ವೈಯಕ್ತಿಕ ಮಾಹಿತಿಯಾಗುವುದಿಲ್ಲ. ಎಷ್ಟು ಕಾಂಕ್ರೀಟು ಹಾಕಿದರು, ಎಷ್ಟಕ್ಕೆ ಬಿಲ್ಲಾಯಿತು ಎಂಬುದು ಸರ್ಕಾರದ ಕೆಲಸದ ಲೆಕ್ಕ. ಹೊಸ ಪಾಠದಲ್ಲೂ ಇಲ್ಲಿ ವಿನಾಯಿತಿ ಅನ್ವಯಿಸದು. 8(2)ರ ತನಕ ಹೋಗಬೇಕಾಗಿಯೇ ಇಲ್ಲ.

ವಿಚಾರಣಾ ವರದಿ ಮತ್ತು ಶಿಕ್ಷೆಯ ಆದೇಶ, ತೀರ್ಪುಗಳ ಪ್ರಕಾರ ವೈಯಕ್ತಿಕವೇ. ನಿಜವಾದ ವಾದ ನಡೆಯುವುದು ಇಲ್ಲಿ. ವಿಚಾರಣೆಯ ವಸ್ತು ಕುಸಿದ ಸೇತುವೆಯೇ ಆಗಿದ್ದರೆ, ಯಾರ ತಪ್ಪು, ಏನು ಕ್ರಮ ಎಂದು ತಿಳಿಯುವ ಹಿತಾಸಕ್ತಿ ಎಂಜಿನಿಯರ್‌ಗೆ ಆಗುವ ಮುಜುಗರಕ್ಕಿಂತ ಹೆಚ್ಚು ತೂಗುತ್ತದೆ. ಅದು ಸಹೋದ್ಯೋಗಿಯೊಂದಿಗಿನ ಜಗಳದ ವಿಚಾರಣೆಯಾಗಿದ್ದರೆ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತಿತ್ತು. ಕೊಡುವ ಮುನ್ನ ಕಲಂ 11ರ ಪ್ರಕಾರ ಮೂರನೇ ವ್ಯಕ್ತಿಯಾದ ಎಂಜಿನಿಯರ್‌ಗೆ ಅರ್ಜಿ ಬಂದ 5 ದಿನಗಳೊಳಗೆ ನೋಟಿಸ್ ಕೊಡಬೇಕು. ಆಕ್ಷೇಪಣೆಗೆ ಅವರಿಗೆ 10 ದಿನ ಕಾಲಾವಕಾಶ. ಅವರ ಆಕ್ಷೇಪಣೆಯನ್ನು ಕೇಳಬೇಕು, ಆದರೆ ಅದೇ ಕೊನೆಯ ಮಾತಲ್ಲ. ಹಾನಿಗಿಂತ ಸಾರ್ವಜನಿಕ ಹಿತಾಸಕ್ತಿ ಮೇಲೆಂದು ಕಂಡರೆ ಕೊಡಬಹುದು ಎಂದು ಕಲಂ 11 ಕೂಡ ಹೇಳುತ್ತದೆ. ಆ ಕಲಂ ತಿದ್ದುಪಡಿಯಾಗಿಲ್ಲ.

ಆಸ್ತಿ ವಿವರದ ಮಟ್ಟಿಗೆ ಸದ್ಯ ನಿರಾಕರಣೆಯೇ ನಿಲ್ಲುವ ಸಂಭವ ಹೆಚ್ಚು. ಅಕ್ರಮ ಗಳಿಕೆಯ ಕಡೆಗೆ ಬೆರಳು ತೋರಿಸುವ ಯಾವ ಸಂಗತಿಯೂ ಪ್ರಶ್ನೆಯಲ್ಲಿ ಇಲ್ಲ. ಕುಸಿತದಿಂದ ನೇರವಾಗಿ ಆಸ್ತಿಗೆ ಜಿಗಿದರೆ ಅದು ಊಹೆ ಮಾತ್ರ.

ಆದರೂ ಹಿಂಬರಹವಂತೂ ಊರ್ಜಿತವಲ್ಲ. ಕಲಂ 7(8)ರ ಪ್ರಕಾರ ನಿರಾಕರಣೆಗೆ ಕಾರಣ, ಮೇಲ್ಮನವಿಯ ಅವಧಿ, ಯಾರಿಗೆ ಮೇಲ್ಮನವಿ ಎಂಬುದನ್ನು ತಿಳಿಸಬೇಕು. ಕಲಂ ಸಂಖ್ಯೆಯನ್ನು ಬರೆದರೆ ಕಾರಣ ಕೊಟ್ಟಂತಾಗದು. ರೈತರು 30 ದಿನಗಳೊಳಗೆ ಅದೇ ಇಲಾಖೆಯ ಹಿರಿಯ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿ ನಿರಾಕರಣೆ ಸರಿಯೆಂದು ರುಜುವಾತು ಮಾಡುವ ಹೊಣೆ, ಕಲಂ 19(5)ರಂತೆ, ಮಾಹಿತಿ ಅಧಿಕಾರಿಯದೇ.

ಉಳಿದದ್ದು ವೈದ್ಯಕೀಯ ರಜೆ. ಕಾಯಿಲೆ ಯಾವುದು, ಯಾವ ಚಿಕಿತ್ಸೆ ಎಂಬುದು ಊರಿನವರಿಗೆ ಬೇಕಿಲ್ಲ; ಅದನ್ನು ಕೊಡಲೂಬಾರದು. ಆದರೆ ಕಲಂ 10 ಕಾಗದವನ್ನು ಭಾಗ ಮಾಡಿ ಕೊಡಲು ಅವಕಾಶ ಕೊಡುತ್ತದೆ. ಕಾಯಿಲೆಯ ವಿವರಕ್ಕೆ ಕಪ್ಪು ಬಳಿದು, ರಜೆಯ ತಾರೀಕುಗಳನ್ನಷ್ಟೇ 8(2)ರ ಅಡಿ ಕೇಳಿದರೆ ಅಳತೆ ಪುಸ್ತಕದ ಪಕ್ಕದಲ್ಲಿಟ್ಟು ನೋಡಬಹುದು: ಸ್ಥಳದಲ್ಲಿ ನಿಂತು ಅಳತೆ ತೆಗೆದೆ ಎಂದು ಸಹಿ ಹಾಕಿದ ದಿನ ಎಂಜಿನಿಯರ್ ರಜೆಯಲ್ಲಿದ್ದರೇ?