ಕಕ್ಕಡದ ಮಳೆಗೆ ಚಾರ್ಜ್ ಒಲ್ಲದ ಫೋನು

ಕಕ್ಕಡ ತಿಂಗಳ ಸಂಜೆ ಕೊಡಗಿನ ತೋಟದಿಂದ ಮನೆಗೆ ಬಂದು ಚಾರ್ಜಿಗಿಟ್ಟರೆ, ಫೋನಿನ ಪರದೆಯಲ್ಲಿ ಹನಿಯ ಚಿತ್ರವೋ "Liquid Detected" ಎಂಬ ಎಚ್ಚರಿಕೆಯೋ ಮೂಡುವುದುಂಟು. ಮಳೆಗೆ ಹಿಡಿದೇ ಇಲ್ಲ, ರೈನ್‌ಕೋಟಿನ ಒಳಜೇಬಿನಲ್ಲಿತ್ತಲ್ಲ ಎನ್ನುತ್ತೀರಿ. ತಕರಾರು ಶುರುವಾಗುವುದು ಅಲ್ಲೇ ಇರಬಹುದು. ಪ್ಲಾಸ್ಟಿಕ್ಕಿನೊಳಗೆ ಮೈ ಬೆವರುತ್ತದೆ, ಬೆವರಿನಲ್ಲಿ ಉಪ್ಪಿರುತ್ತದೆ.

ಟೈಪ್-ಸಿ ಪೋರ್ಟಿನೊಳಗೆ ನಾಲಗೆಯಂಥ ಪಟ್ಟಿಯ ಮೇಲೆ 24 ಪಿನ್ನುಗಳಿವೆ. ಫೋನು ಅವುಗಳಲ್ಲಿ ಒಂದೆರಡಕ್ಕೆ ಅತಿ ಸಣ್ಣ ಕರೆಂಟು ಕೊಟ್ಟು, ಅದು ಗ್ರೌಂಡ್ ಪಿನ್ನಿಗೆ ಸೋರುತ್ತಿದೆಯೇ ಎಂದು ಆಗಾಗ ನೋಡುತ್ತದೆ. ಒಣಗಿದ್ದರೆ ದಾರಿಯೇ ಇಲ್ಲ. ಸರಿಯಾದ ಕೇಬಲ್ ಸಿಕ್ಕಿಸಿದರೆ ಗೊತ್ತಾದ ತಡೆ ಕಾಣುತ್ತದೆ. ಎರಡೂ ಅಲ್ಲದ ಸೋರಿಕೆ ಕಂಡರೆ ಅದು ನೀರೆಂದು ತೀರ್ಮಾನಿಸಿ ಚಾರ್ಜು ನಿಲ್ಲಿಸುತ್ತದೆ. ಒದ್ದೆ ಪಿನ್ನುಗಳ ನಡುವೆ ಬರೀ 5 ವೋಲ್ಟ್ ಇದ್ದರೂ ಲೋಹ ಕರಗತೊಡಗುತ್ತದೆ, ಚಿನ್ನದ ಲೇಪದಡಿಯ ತಾಮ್ರ ಹಸಿರುಗಟ್ಟುತ್ತದೆ.

ಕೇಬಲ್ ತೆಗೆದು, ಪೋರ್ಟು ಕೆಳಗಾಗುವಂತೆ ಹಿಡಿದು ಅಂಗೈಗೆ ಮೆಲ್ಲನೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಿ, ಅರ್ಧ ಗಂಟೆ ಬಿಟ್ಟು ನೋಡಿ, ಪೂರ್ತಿ ಆರಲು ಒಂದು ದಿನವೂ ಬೇಕಾಗಬಹುದು ಎನ್ನುತ್ತದೆ ಆಪಲ್. ಆದರೆ ಮಡಿಕೇರಿಯ ಜುಲೈನಲ್ಲಿ ಒಣ ಜಾಗ ಎಲ್ಲಿದೆ? ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಡಬ್ಬಿಯ ಉಪ್ಪು ಮಳೆಗಾಲದಲ್ಲಿ ಒಸರುವುದು ಇದಕ್ಕೇ. ಪೋರ್ಟಿನಲ್ಲಿ ಉಳಿದ ಬೆವರಿನ ಉಪ್ಪೂ ಹಾಗೆಯೇ. ಬೆಳಿಗ್ಗೆ ಸರಿಹೋದ ಫೋನು ಸಂಜೆ ಮತ್ತೆ ಹನಿ ತೋರಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಕಿಟಕಿ ಬಳಿ ಇಟ್ಟರೆ ಪ್ರಯೋಜನ ಕಡಿಮೆ. ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ಫ್ಯಾನಿನ ಕೆಳಗಿಡಿ. ಇನ್ನೂ ಒಳ್ಳೆಯದೆಂದರೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟುಬಿಡಿ. ಅಕ್ಕಿಯಲ್ಲಿ ಹೂಳಬೇಡಿ. ಮಳೆಗಾಲದ ಅಕ್ಕಿಯೇ ತೇವ ಹೀರಿರುತ್ತದೆ, ಅದರ ಪುಡಿ ಪೋರ್ಟಿಗೆ ಸೇರಿದರೆ ಇನ್ನೊಂದು ತಲೆನೋವು. ಹತ್ತಿಕಡ್ಡಿ ತೂರಿಸುವುದೂ ಬೇಡ, ಹೇರ್ ಡ್ರೈಯರ್ ಹಿಡಿಯುವುದೂ ಬೇಡ. ಒಲೆಯ ಮೇಲಿನ ಅಟ್ಟ ಮೆಣಸಿಗೆ ಸರಿ, ಬ್ಯಾಟರಿಗಲ್ಲ. ಬ್ಯಾಟರಿ ಕಾದರೆ "Charging paused" ಎಂಬ ಬೇರೆಯೇ ಸಂದೇಶ ಬರುತ್ತದೆ. ಅದಕ್ಕೂ ನೀರಿಗೂ ಸಂಬಂಧವಿಲ್ಲ, ತಣಿದರೆ ತಾನಾಗಿ ಸರಿಹೋಗುತ್ತದೆ.

ತುರ್ತಿದ್ದರೆ ಫೋನಿನ ಬೆನ್ನು ಒರೆಸಿ ವೈರ್‌ಲೆಸ್ ಚಾರ್ಜರ್ ಮೇಲಿಡಬಹುದು. ಪವರ್ ಬ್ಯಾಂಕಿನ ವೈರು ಹೋಗುವುದು ಅದೇ ಒದ್ದೆ ಪೋರ್ಟಿಗೆ, ಅದರಿಂದ ಲಾಭವಿಲ್ಲ. ಐಫೋನಿನಲ್ಲಿ ಕಾಣುವ "Emergency Override" ಒತ್ತಿದರೆ ಚಾರ್ಜು ಆಗುತ್ತದೆ, ಆದರೆ ಪಿನ್ನು ಸವೆಯುವ ಹೊಣೆ ನಿಮ್ಮದು.

ಒಂದು ದಿನ ಒಣಗಿಸಿದ ಮೇಲೂ ಎಚ್ಚರಿಕೆ ಬಂದರೆ ಬೇರೆ ಕೇಬಲ್ ಹಾಕಿ ನೋಡಿ. ಒದ್ದೆಯಾದದ್ದು ಕೇಬಲ್ಲಿನ ತುದಿಯೇ ಇರಬಹುದು. ಹೊಸ ಕೇಬಲ್ಲಿಗೂ ಅದೇ ಕತೆಯಾದರೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಹಸಿರೋ ಬಿಳಿಯೋ ಪುಡಿ ಕಂಡರೆ ರಿಪೇರಿಯವರಿಗೆ ಕೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆಸಿ. ಪಿನ್ನು ಸವೆದಿದ್ದರೆ ಪೋರ್ಟನ್ನೇ ಬದಲಿಸಬೇಕಾಗುತ್ತದೆ.