ಬಾಗಿಲ ಹಿಂದಿನ ಟೈಲು

ಕರಾವಳಿಯ ಹಳೆಯ ಮನೆಗಳಲ್ಲಿ ಜಗಲಿಯ ಗೋಡೆಗೋ ತುಳಸಿಕಟ್ಟೆಗೋ ಆರಿಂಚು ಚೌಕದ, ಉಬ್ಬು ಹೂಬಳ್ಳಿಯ ಬಣ್ಣದ ಟೈಲು ಹಾಕಿಸಿರುವುದನ್ನು ನೀವು ನೋಡಿರಬಹುದು. ಮಜೋಲಿಕಾ ಎಂದು ಇವುಗಳ ಹೆಸರು. ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದವು. 1920-30ರ ದಶಕಗಳಲ್ಲಿ ಜಪಾನಿನಿಂದ ರಾಶಿ ರಾಶಿಯಾಗಿ ಬಂದವು. ತಮಿಳುನಾಡಿನ ಚೆಟ್ಟಿನಾಡು ಮನೆಗಳಲ್ಲೂ ಇವೇ ಇವೆ. ಕಿತ್ತು ಮಗುಚಿದರೆ ಬೆನ್ನಿನ ಮೇಲೆ ‘ಮೇಡ್ ಇನ್ ಜಪಾನ್’ ಎಂಬ ಅಚ್ಚು ಕಾಣುವುದುಂಟು.

ಆದರೆ ಕಿತ್ತು ಮಗುಚುವುದೇ ಕಷ್ಟ. ಸ್ವಿಚ್ ಬೋರ್ಡಿಗೆಂದು ಯಾರೋ ಮೊಳೆ ಹೊಡೆದು, ಜಗಲಿಯ ನಟ್ಟನಡುವಿನ ಒಂದು ಟೈಲು ಸೀಳಿದೆ ಎಂದಿಟ್ಟುಕೊಳ್ಳಿ. ಅದೇ ಅಚ್ಚಿನ ಟೈಲು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆ ಸಾಮಾನಿನವರ ಹತ್ತಿರ ಸಿಕ್ಕರೂ ಹಸಿರಿನ ಛಾಯೆ ಹೊಂದುವುದಿಲ್ಲ. ಹೊಂದುವ ಟೈಲು ಇರುವುದು ಅದೇ ಗೋಡೆಯಲ್ಲಿ, ಬಾಗಿಲ ಹಿಂದೆ, ಯಾರೂ ನೋಡದ ಮೂಲೆಯಲ್ಲಿ. ಅದನ್ನು ಇಡಿಯಾಗಿ ಎಬ್ಬಿಸಿ ಇಲ್ಲಿಗೆ ತರಬೇಕು, ಎರಡು ಕಡೆಯ ನೆರೆಯ ಟೈಲುಗಳಿಗೂ ಏಟು ಬೀಳಬಾರದು. ಇದನ್ನು ಬಲ್ಲ ಮೇಸ್ತ್ರಿಗಳು ಈಗಲೂ ಇದ್ದಾರೆ. ಅವರು ಕೆಲಸ ಮಾಡುವುದನ್ನು ನೋಡಿದರೆ ಮೊದಲು ಕಾಣುವುದು ಅವರ ನಿಧಾನ.

ಮೊದಲ ಕೆಲಸ ಉಳಿಯದ್ದಲ್ಲ, ಕಿವಿಯದ್ದು. ನಾಣ್ಯದ ಅಂಚಿನಿಂದ ಒಂದೊಂದೇ ಟೈಲನ್ನು, ನಾಲ್ಕು ಮೂಲೆ ಮತ್ತು ನಡುವೆ, ಮೆಲ್ಲಗೆ ತಟ್ಟುತ್ತಾರೆ. ಗೋಡೆಗೆ ಬಿಗಿಯಾಗಿ ಅಂಟಿದ್ದರೆ ಸದ್ದು ಗಿಡ್ಡ, ಗಟ್ಟಿ. ಹಿಂದಿನ ಗಾರೆ ಬಿಟ್ಟಿದ್ದರೆ ಟೊಳ್ಳು ಸದ್ದು. ಟೊಳ್ಳಾದವಕ್ಕೆ ಸೀಮೆಸುಣ್ಣದಲ್ಲಿ ಗುರುತು. ಹಳೆಯ ಗೋಡೆಯಲ್ಲಿ ಟೊಳ್ಳು ಟೈಲು ಸಾಮಾನ್ಯವಾಗಿ ಕೆಲವಾದರೂ ಸಿಗುತ್ತವೆ. ಎಬ್ಬಿಸಲು ಅವೇ ಸುಲಭ. ಅದಕ್ಕಿಂತಲೂ ಮುಖ್ಯವಾದದ್ದು ಟೈಲಿನ ಜಾಗ. ಸಾಲಿನ ನಡುವೆ ಬಿಗಿಯಾಗಿ ಕೂತ ಟೈಲಿನ ಬೆನ್ನಿಗೆ ಬ್ಲೇಡು ತೂರಿಸಲು ದಾರಿಯೇ ಇರುವುದಿಲ್ಲ. ಸಾಲಿನ ಕೊನೆಯಲ್ಲಿ, ಬಾಗಿಲ ಚೌಕಟ್ಟಿಗೋ ಮೇಲಿನ ಗಿಲಾವಿಗೋ ತಾಗಿದ ಟೈಲಿಗೆ ಒಂದು ಪಕ್ಕ ಬಿಡುವು ಸಿಗುತ್ತದೆ: ಅಲ್ಲಿ ಗಿಲಾವನ್ನು ಎರಡು ಬೆರಳಗಲ ಕೆರೆದರೆ ಟೈಲಿನ ಬೆನ್ನು ಕಾಣುತ್ತದೆ. ಎಬ್ಬಿಸುವ ಟೈಲನ್ನು ಆರಿಸುವಲ್ಲಿಯೇ ಅರ್ಧ ಕೆಲಸ ಗೆದ್ದಂತೆ.

ಆಮೇಲೆ ಗಾರೆಯ ಪರೀಕ್ಷೆ. ಸಂದನ್ನು ಮೊಳೆಯ ತುದಿಯಿಂದ ಕೆರೆದು ನೋಡಿ. ಬೆಳ್ಳಗಿನ ಮೆತ್ತನೆಯ ಪುಡಿ ಉದುರಿದರೆ ಸುಣ್ಣ. ಬೂದು ಬಣ್ಣದಲ್ಲಿ ಮೊಳೆಯನ್ನೇ ಸವೆಸುವಂತಿದ್ದರೆ ಸಿಮೆಂಟು. ವಿನೆಗರ್ ಹನಿಸಿ ನೊರೆ ಬಂದರೆ ಸುಣ್ಣ ಎಂದು ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ, ಹಳೆಯ ಸಿಮೆಂಟೂ ನೊರೆಯಾಡುತ್ತದೆ. ಸಂದಿನ ಪುಡಿಯೊಂದನ್ನೇ ನೋಡಿ ತೀರ್ಮಾನಿಸಲೂ ಬಾರದು, ಟೈಲು ಕೂತಿರುವುದು ಸಿಮೆಂಟಿನಲ್ಲಿ, ಸಂದಿಗೆ ಮೆತ್ತಿರುವುದು ಬೇರೆ ಏನೋ ಎಂಬುದೂ ಇದೆ. ಗಿಲಾವು ಕೆರೆದ ಪಕ್ಕದಲ್ಲಿ ಬೆನ್ನಿನ ಗಾರೆ ಕಂಡಾಗಲೇ ನಿಜ ಗೊತ್ತಾಗುವುದು. ಸುಣ್ಣದ ಗಾರೆ ಟೈಲಿಗಿಂತ ಮೆತ್ತಗೆ, ಎಳೆದಾಡಿದರೆ ಮೊದಲು ಅದೇ ಸೋಲುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕೂತಿದ್ದರೆ ಮೊದಲು ಸೋಲುವುದು ಟೈಲು. ಬೆನ್ನಿನ ತಗ್ಗುಗೆರೆಗಳ ಒಳಗೆ ಸಿಮೆಂಟು ಹೊಕ್ಕು ಕಚ್ಚಿಕೊಂಡಿರುತ್ತದೆ. ಅಂಥ ಟೈಲನ್ನು ಮುಟ್ಟದೆ, ಟೊಳ್ಳು ಸದ್ದಿನ ಇನ್ನೊಂದನ್ನು ಹುಡುಕುವುದೇ ಜಾಣತನ.

ನೆರೆಯ ಟೈಲು ಸೀಳುವುದಕ್ಕೆ ಸುತ್ತಿಗೆ ಕಾರಣ ಎಂದುಕೊಳ್ಳುತ್ತೇವೆ. ನಿಜವಾದ ಕಾರಣ ಬಿಡಿಸದೆ ಉಳಿದ ಸಂದು. ಈ ಟೈಲುಗಳನ್ನು ಹೆಚ್ಚುಕಡಿಮೆ ಅಂಚಿಗೆ ಅಂಚು ತಾಗಿಸಿಯೇ ಕೂರಿಸಿದ್ದಾರೆ, ನಡುವಿನ ಸಂದು ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಒಂದು ಕಡೆ ಬಿದ್ದ ಒತ್ತಡ ಆ ಸಂದಿನ ಮೂಲಕ ಪಕ್ಕದ ಟೈಲಿನ ಅಂಚಿಗೆ ದಾಟುತ್ತದೆ, ಅಲ್ಲಿನ ಮೆರುಗು ಚಕ್ಕೆಯಾಗಿ ಹಾರುತ್ತದೆ. ಆದ್ದರಿಂದ ನಾಲ್ಕೂ ಸಂದುಗಳನ್ನು ಮೂಲೆ ಬಿಡದೆ, ಟೈಲಿನ ದಪ್ಪದಷ್ಟು ಆಳಕ್ಕೆ ಖಾಲಿ ಮಾಡಬೇಕು. ಇದಕ್ಕೆ ಹ್ಯಾಕ್ಸಾ ಬ್ಲೇಡಿನ ಮುರುಕೇ ಸಾಕು, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡರಾಯಿತು. ಹ್ಯಾಕ್ಸಾ ಬ್ಲೇಡೂ ದಪ್ಪವಾಗುವಷ್ಟು ಸಂದು ಕಿರಿದಾಗಿದ್ದರೆ ಅಕ್ಕಸಾಲಿಗರ ಗರಗಸದ ಬ್ಲೇಡು. ನೆರೆಯ ಅಂಚುಗಳ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿರುತ್ತಾರೆ, ಬ್ಲೇಡು ಜಾರಿದರೆ ಗೀರು ಬೀಳದಿರಲಿ ಎಂದು.

ಕಟಿಂಗ್ ಮಷಿನ್ ಯಾಕೆ ಬೇಡ? ಅದರ ಬ್ಲೇಡು ದುಂಡಗಿದೆ. ಮೂಲೆಯಲ್ಲಿ ಟೈಲಿನ ಪೂರ್ತಿ ದಪ್ಪಕ್ಕೆ ಇಳಿಯಬೇಕೆಂದರೆ ಮೇಲ್ಭಾಗದಲ್ಲಿ ಮೂಲೆ ದಾಟಿ ನೆರೆಯ ಟೈಲಿನೊಳಗೆ ಹೋಗಲೇಬೇಕು. ಸಂದಿಗಿಂತ ಬ್ಲೇಡು ದಪ್ಪ ಬೇರೆ. ಮೇಸ್ತ್ರಿಯ ಕೈ ಎಷ್ಟೇ ಪಳಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಸಂದು ಬಿಟ್ಟ ಮೇಲೆ ಟೈಲಿನ ಮುಖಕ್ಕೆ ತೆಳು ಹತ್ತಿ ಬಟ್ಟೆಯನ್ನು ಮೈದಾ ಅಂಟಿನಿಂದ ಅಂಟಿಸಿ ಒಣಗಲು ಬಿಡುತ್ತಾರೆ. ಕಣ್ಣಿಗೆ ಕಾಣದ ಸೀಳಿದ್ದು ಟೈಲು ಎರಡಾದರೂ ತುಂಡುಗಳು ಬಟ್ಟೆಯ ಮೇಲೆ ಜೊತೆಯಾಗಿಯೇ ಬರುತ್ತವೆ. ಗಾಜು ಎತ್ತುವ ರಬ್ಬರ್ ಕಪ್ಪು ಇಲ್ಲಿ ಉಪಯೋಗಕ್ಕೆ ಬಾರದು, ಉಬ್ಬು ಚಿತ್ತಾರದ ಮೇಲೆ ಅದು ಗಾಳಿ ಹಿಡಿದು ಕೂರುವುದಿಲ್ಲ.

ಈಗ ಗಿಲಾವು ಕೆರೆದ ಪಕ್ಕದಿಂದ ಉದ್ದನೆಯ ಬ್ಲೇಡನ್ನು ಬೆನ್ನಿನ ಗಾರೆಯೊಳಗೆ ತೂರಿಸಿ ಗರಗಸದಂತೆ ಹಿಂದೆ ಮುಂದೆ ಎಳೆಯುವುದು. ಎರಡು ಮೂರು ಇಂಚು ಕೊಯ್ದ ಮೇಲೆ ಅಲ್ಲೊಂದು ತೆಳು ಬಿದಿರಿನ ಚಕ್ಕೆ. ಮುಂದಕ್ಕೆ ಹೋದಂತೆ ಮತ್ತೊಂದು. ಚಕ್ಕೆ ಇರುವುದು ಕೊಯ್ದ ಜಾಗ ಮುಚ್ಚಿಕೊಳ್ಳದಿರಲೆಂದೇ ಹೊರತು ಮೀಟಲು ಅಲ್ಲ. ಒಂದೇ ಮೂಲೆಗೆ ಉಳಿ ಕೊಟ್ಟು ಮೀಟಿದಲ್ಲಿಯೇ ಹೆಚ್ಚಿನ ಟೈಲುಗಳು ಅಡ್ಡಕ್ಕೆ ಮುರಿಯುವುದು. ನಡುನಡುವೆ ಮತ್ತೆ ತಟ್ಟಿ ಕೇಳಬೇಕು: ಗಟ್ಟಿ ಸದ್ದು ಬಾಕಿಯಿರುವ ಕಡೆಗೆ ಹಿಂದೆ ಸರಿದು ಟೊಳ್ಳು ಸದ್ದು ಮುಂದಕ್ಕೆ ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಸದ್ದು ಜರ್ರೆಂದು ಒಡಕಾದರೆ ಎಲ್ಲೋ ಸೀಳು ಬಂದಿದೆ, ಅಲ್ಲಿಗೆ ನಿಲ್ಲಿಸಿ ಬಟ್ಟೆಯ ಅಂಟು ಗಟ್ಟಿಯಿದೆಯೇ ನೋಡಬೇಕು. ಕೊನೆಯ ಅಂಗುಲದಲ್ಲಿ ಒಂದು ಕೈ ಟೈಲಿನ ಕೆಳಗೆ ಇರಲೇಬೇಕು.

ಜಗಲಿಯಲ್ಲಿ ಸೀಳಿದ್ದನ್ನು ತೆಗೆಯುವುದು ಇನ್ನೊಂದು ರೀತಿ. ಅದು ಹೋದರೂ ಚಿಂತೆಯಿಲ್ಲ, ಆದರೆ ಅದರ ಸುತ್ತ ಎಂಟು ನೆರೆಯವರಿದ್ದಾರೆ. ಅಲ್ಲಿಯೂ ಮೊದಲು ಸಂದು. ಬಳಿಕ ನಡುವೆ ಡ್ರಿಲ್ಲಿನಲ್ಲಿ, ಸುತ್ತಿಗೆಯ ಏಟು ನಿಲ್ಲಿಸಿಟ್ಟು, ನಾಲ್ಕಾರು ತೂತು ಕೊರೆದು ಅಲ್ಲಿಂದ ಸಣ್ಣ ಉಳಿಯಲ್ಲಿ ಒಡೆಯುತ್ತ ಹೊರಗೆ ಬರಬೇಕು. ಉಳಿಯ ಮೂತಿ ಯಾವಾಗಲೂ ನಡುವಿನ ತೂತಿನ ಕಡೆಗೇ ಇರಬೇಕು, ಅಂಚಿನ ಚೂರುಗಳನ್ನು ಒಳಕ್ಕೆ ಎಳೆದು ತೆಗೆಯಬೇಕು.

ಎಬ್ಬಿಸಿದ ಟೈಲಿನ ಬಟ್ಟೆಯನ್ನು ನೆನೆಸಿ ತೆಗೆದು, ಬೆನ್ನಿನ ಸುಣ್ಣವನ್ನು ನೀರಿನಲ್ಲಿ ಮೆತ್ತಗೆ ಮಾಡಿ ಕೆರೆಯಬೇಕು. ಆ್ಯಸಿಡ್ ಬೇಡವೇ ಬೇಡ: ಆ ಕಾಲದ ಬಣ್ಣದ ಮೆರುಗಿನಲ್ಲಿ ಸೀಸ ಇರುವುದು ಸಾಮಾನ್ಯ, ಆ್ಯಸಿಡ್ ಅದನ್ನು ತಿನ್ನುತ್ತದೆ. ಸೀಸದ ಕಾರಣಕ್ಕೇ ಒಣಪುಡಿ ಹಾರಿಸದೆ ನೀರು ಚಿಮುಕಿಸಿಕೊಂಡು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೆಲಸ ಮಾಡಬೇಕು.

ಹೊಸ ಜಾಗದಲ್ಲಿ ಹಳೆಯ ಗಾರೆಯನ್ನು ಸ್ವಲ್ಪ ಆಳಕ್ಕೇ ಕೆರೆದು, ಟೈಲನ್ನು ಗಾರೆಯಿಲ್ಲದೆ ಒಮ್ಮೆ ಇಟ್ಟು ನೋಡುತ್ತಾರೆ. ನೆರೆಯದಕ್ಕಿಂತ ಒಳಗೆ ಕೂತರೆ ಗಾರೆಗೆ ಜಾಗವಿದೆ ಎಂದು ಅರ್ಥ. ಗೋಡೆಯನ್ನೂ ಟೈಲನ್ನೂ ನೀರಿನಿಂದ ತೋಯಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ನಯವಾದ ಮರಳಿನ ಗಾರೆಯಲ್ಲಿ ಕೂರಿಸಿ, ಗಾರೆ ಬಿಗಿಯುವವರೆಗೆ ಟೇಪು ಕಟ್ಟಿ ಬಿಡುತ್ತಾರೆ. ಸಿಮೆಂಟು ಬೇಗ ಹಿಡಿಯುತ್ತದೆ ನಿಜ, ಆದರೆ ಮುಂದೆ ಯಾರಿಗೂ ಆ ಟೈಲು ಇಡಿಯಾಗಿ ಸಿಗುವುದಿಲ್ಲ.

ಇಷ್ಟಕ್ಕೆ ಅರ್ಧ ದಿನವಾದರೂ ಬೇಕು, ಕೂಲಿಯನ್ನು ಆ ಲೆಕ್ಕದಲ್ಲೇ ಮಾತಾಡಿಕೊಳ್ಳಿ. ಬಂದವನು ಗೋಡೆ ತಟ್ಟಿ ನೋಡುವ ಮೊದಲೇ ಮಷಿನ್ನಿನ ಪ್ಲಗ್ಗು ಹುಡುಕಿದರೆ, ಚಹಾ ಕೊಟ್ಟು ವಾಪಸು ಕಳಿಸಿ.