ಒಂದು ತೋಳು ಉದ್ದ, ಒಂದು ತೋಳು ಗಿಡ್ಡ

ಆನ್‌ಲೈನ್ ಅಂಗಡಿಗೆಂದು ಎಐ ರಚಿಸಿಕೊಟ್ಟ ತಿಳಿನೀಲಿ ಗಂಡಸರ ಶರಟೊಂದರ ಚಿತ್ರವಿದೆ ಎನ್ನೋಣ. ಬಟ್ಟೆಯ ನೇಯ್ಗೆ, ಸುಕ್ಕು, ನೆರಳು ಎಲ್ಲವೂ ಚೆಂದ. ಆದರೆ ಅನುಭವಿ ಟೈಲರ್ ಒಬ್ಬರು ನೋಡಿದರೆ ಕ್ಷಣದಲ್ಲೇ ತಲೆ ಅಲ್ಲಾಡಿಸುತ್ತಾರೆ. ಕಾಲರಿನ ಒಂದು ತುದಿ ಚೂಪಾಗಿದೆ, ಇನ್ನೊಂದು ಮೊಂಡಾಗಿದೆ. ನಾಲ್ಕನೇ ಗುಂಡಿ ಸಾಲು ಬಿಟ್ಟು ಪಕ್ಕಕ್ಕೆ ಜಾರಿದೆ. ಒಂದು ತೋಳು ಗಿಡ್ಡ.

ಈ ಯಂತ್ರಗಳಿಗೆ ಹೊಲಿಗೆ ಗೊತ್ತಿಲ್ಲ. ದರ್ಜಿ ಬಟ್ಟೆಯನ್ನು ಎರಡು ಪದರ ಮಡಚಿ ಎರಡೂ ತೋಳುಗಳನ್ನು ಒಟ್ಟಿಗೆ ಕತ್ತರಿಸುವುದರಿಂದ ಅವು ಸರಿಸಮ ಬರುತ್ತವೆ. ಯಂತ್ರದಲ್ಲಿ ಅಂಥ ಮಡಿಕೆಯೇ ಇಲ್ಲ. ಜೊತೆಗೆ ಇನ್ನೊಂದು ತೊಡಕಿದೆ. ಸ್ಟೇಬಲ್ ಡಿಫ್ಯೂಷನ್ ಬಗೆಯ ಮಾದರಿಗಳು ಚಿತ್ರವನ್ನು ಪಿಕ್ಸೆಲ್‌ಗಳಲ್ಲಿ ಅಲ್ಲ, ಅದರ ಕುಗ್ಗಿಸಿದ ರೂಪದಲ್ಲಿ ರಚಿಸುತ್ತವೆ. ಅಲ್ಲಿ ಎಂಟು ಪಿಕ್ಸೆಲ್ ಅಗಲ, ಎಂಟು ಪಿಕ್ಸೆಲ್ ಎತ್ತರದ ಜಾಗಕ್ಕೆ ಒಂದೇ ಮನೆ. 1024 ಪಿಕ್ಸೆಲ್‌ನ ಚಿತ್ರದಲ್ಲಿ ಇಡೀ ಶರಟು ಹಿಡಿಸಿದರೆ ಸುಮಾರು 11 ಮಿಲಿಮೀಟರಿನ ಗುಂಡಿಗೆ ಸಿಗುವುದು ಒಂಬತ್ತು ಪಿಕ್ಸೆಲ್, ಅಂದರೆ ಹೆಚ್ಚುಕಡಿಮೆ ಒಂದೇ ಮನೆ. ಅಷ್ಟರಲ್ಲಿ ಗುಂಡಿ ದುಂಡಗೆ ಬಂದರೇ ಪುಣ್ಯ.

ಪರೀಕ್ಷೆಗೆ ಮೊದಲು ಬೇಕಾದದ್ದು ನಡುಗೆರೆ. ಕುತ್ತಿಗೆಯ ಎರಡು ಬದಿಯ ಬಿಂದುಗಳ ಮಧ್ಯವನ್ನೂ ಕೆಳ ಅಂಚಿನ ಎರಡು ಮೂಲೆಗಳ ಮಧ್ಯವನ್ನೂ ಸೇರಿಸಿದರೆ ಅದು ಸಿಗುತ್ತದೆ. ಆಮೇಲೆ ಅಳತೆಗೋಲು: ಎದೆಯ ಅಗಲ 54 ಸೆಂಟಿಮೀಟರ್ ಇರಬೇಕಾದ ಶರಟು ಚಿತ್ರದಲ್ಲಿ 432 ಪಿಕ್ಸೆಲ್ ಇದ್ದರೆ ಎಂಟು ಪಿಕ್ಸೆಲ್‌ಗೆ ಒಂದು ಸೆಂಟಿಮೀಟರ್. ಇದೇ ಲೆಕ್ಕದಲ್ಲಿ ನಮ್ಮ ಶರಟಿನ ಕಾಲರ್ ತುದಿಗಳು 60 ಮತ್ತು 52 ಪಿಕ್ಸೆಲ್, ಅಂದರೆ ಪೂರ್ತಿ ಒಂದು ಸೆಂಟಿಮೀಟರ್ ವ್ಯತ್ಯಾಸ. ಮುಖದ ಕೆಳಗೇ ಇರುವ ಕಾಲರಿನಲ್ಲಿ ಇಷ್ಟು ವ್ಯತ್ಯಾಸ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ.

ಗುಂಡಿಪಟ್ಟಿಯ ವಿಷಯದಲ್ಲಿ ಹೊಸಬರು ಎಡವುತ್ತಾರೆ. ಪಟ್ಟಿ ಸಮಮಿತಿಯ ವಸ್ತುವೇ ಅಲ್ಲ. ಗಂಡಸರ ಶರಟಿನಲ್ಲಿ ತೊಟ್ಟವರ ಎಡಭಾಗ ಬಲಭಾಗದ ಮೇಲೆ ಬರುತ್ತದೆ. ಕಾಜಾ ಎಡಕ್ಕೆ, ಗುಂಡಿ ಬಲಕ್ಕೆ. ಹೆಂಗಸರದ್ದು ಇದಕ್ಕೆ ತಿರುಗಾಮುರುಗಾ. ಮೂರೂವರೆ ಸೆಂಟಿಮೀಟರಿನ ಪಟ್ಟಿಯ ಅಂಚು ನಡುಗೆರೆಯಿಂದ ಒಂದೂಮುಕ್ಕಾಲು ಸೆಂಟಿಮೀಟರ್ ಆಚೆ ಇರುವುದೇ ಸರಿ. ನಡುಗೆರೆಯ ಮೇಲೆ ಕೂರಬೇಕಾದ್ದು ಗುಂಡಿಗಳ ಸಾಲು. ಹಾಗಾಗಿ ಅಂಚನ್ನು ಬಿಟ್ಟು ಗುಂಡಿಗಳ ಕೇಂದ್ರಗಳನ್ನು ಅಳೆಯಬೇಕು, ನಡುವಿನ ಅಂತರವನ್ನೂ ನೋಡಬೇಕು. ಕಾಲರಿನ ಗುಂಡಿಗೂ ಅದರ ಕೆಳಗಿನದಕ್ಕೂ ಅಂತರ ತುಸು ಕಡಿಮೆ ಇರುವುದು ವಾಡಿಕೆ, ಅದನ್ನು ದೋಷವೆಂದು ಎಣಿಸಬಾರದು. ಎಡ ಎದೆಯ ಜೇಬೂ ಹಾಗೆಯೇ. ಸಮಮಿತಿಯ ಹೆಸರಿನಲ್ಲಿ ಬಲಕ್ಕೊಂದು ಜೇಬು ಹುಟ್ಟಿಸುವ ತಂತ್ರಾಂಶ ಯಾರಿಗೂ ಬೇಡ.

ತೋಳನ್ನು ಭುಜದ ಹೊಲಿಗೆಯಿಂದ ಮೊಣಕೈಗೆ, ಮೊಣಕೈಯಿಂದ ಕಫ್‌ನ ಅಂಚಿಗೆ ಎರಡು ತುಂಡಾಗಿ ಅಳೆದು ಕೂಡಬೇಕು. ನೇರ ಗೆರೆ ಎಳೆದರೆ ತುಸು ಮಡಚಿದ ತೋಳು ಸುಮ್ಮನೆ ಗಿಡ್ಡವೆನಿಸುತ್ತದೆ. ಈ ಶರಟಿನಲ್ಲಿ ಒಂದು ತೋಳು 496, ಇನ್ನೊಂದು 464 ಪಿಕ್ಸೆಲ್. ನಾಲ್ಕು ಸೆಂಟಿಮೀಟರ್ ಕೊರತೆ! ರೂಪದರ್ಶಿ ಕೈಯನ್ನು ಕ್ಯಾಮೆರಾದತ್ತ ಚಾಚಿದ್ದರೆ ಮಾತ್ರ ಈ ಅಳತೆಯನ್ನು ನಂಬುವಂತಿಲ್ಲ.

ಇನ್ನು ಎರಡನೇ ಸುತ್ತು. ಕೆಟ್ಟ ಜಾಗಕ್ಕೆ ಮಾತ್ರ ಮುಸುಕು ಹಾಕಿ ಅಷ್ಟನ್ನೇ ಮತ್ತೆ ಬರೆಸುವುದು ಇದರ ಕ್ರಮ. ಕಾಲರಿನ ಸುತ್ತಲಿನ 256 ಪಿಕ್ಸೆಲ್ ಚೌಕವನ್ನು ಕತ್ತರಿಸಿ 1024ಕ್ಕೆ ಹಿಗ್ಗಿಸಿದರೆ ಒಂಬತ್ತು ಪಿಕ್ಸೆಲ್‌ನ ಗುಂಡಿ 36 ಆಗುತ್ತದೆ, ಯಂತ್ರಕ್ಕೆ ಕೈಯಾಡಿಸಲು ಜಾಗ ಸಿಗುತ್ತದೆ. ಚೆನ್ನಾಗಿರುವ ಕಾಲರ್ ತುದಿಯನ್ನು ಕನ್ನಡಿಯಂತೆ ತಿರುಗಿಸಿ ಕೆಟ್ಟ ತುದಿಯ ಮೇಲೆ ಅಂಟಿಸಿ, ಬದಲಾವಣೆಯ ಪ್ರಮಾಣವನ್ನು 0.3ರ ಆಸುಪಾಸಿನಲ್ಲಿಟ್ಟು ಬರೆಸಿದರೆ ಅಂಚು ಬೆಸೆದುಕೊಳ್ಳುತ್ತದೆ. ತಿರುಗಿಸಿದಾಗ ನೆರಳೂ ತಿರುಗಿರುತ್ತದೆ, ಬೆಳಕು ಬರುವ ದಿಕ್ಕಿಗೆ ಅದನ್ನು ಮೊದಲೇ ತಿದ್ದಿಕೊಳ್ಳಬೇಕು. ಪ್ರಮಾಣವನ್ನು 0.8ಕ್ಕೆ ಏರಿಸಿದರೆ ಬರುವುದು ಬೇರೆಯೇ ಶರಟಿನ ಕಾಲರ್.

ತೋಳಿಗೆ ಇಷ್ಟು ಸಾಲದು. ಮೊದಲು ಕಫ್ ಅನ್ನು 32 ಪಿಕ್ಸೆಲ್ ಕೆಳಕ್ಕೆ ಸರಿಸಿ, ನಡುವಿನ ಖಾಲಿ ಜಾಗಕ್ಕೆ ಅದೇ ಬಟ್ಟೆಯ ತೇಪೆ ಹಾಕಿ, ಹಿನ್ನೆಲೆಯೂ ಸ್ವಲ್ಪ ಸೇರುವಂತೆ ಮುಸುಕು ಹಿಗ್ಗಿಸಿ 0.5ರ ಹತ್ತಿರ ಬರೆಸಬೇಕು. ಪ್ರತಿ ತಿದ್ದುಪಡಿಯಾದ ಮೇಲೂ ಮುಸುಕಿನ ಹೊರಗಿನ ಭಾಗವನ್ನು ಮೂಲ ಚಿತ್ರದಿಂದಲೇ ಮರಳಿ ಜೋಡಿಸಬೇಕು. ಇಲ್ಲದಿದ್ದರೆ ಕುಗ್ಗಿಸಿ ಹಿಗ್ಗಿಸುವಾಗ ಮುಟ್ಟದ ಬಟ್ಟೆಯ ಬಣ್ಣ, ನೇಯ್ಗೆಗಳೂ ಅಷ್ಟಿಷ್ಟು ಮಾಸುತ್ತವೆ. ಆಮೇಲೆ ಅದೇ ಬಿಂದುಗಳಿಂದ ಇನ್ನೊಮ್ಮೆ ಅಳತೆ.

ಗೆರೆಯ ಅಥವಾ ಚೌಕುಳಿಯ ಬಟ್ಟೆಯಲ್ಲಿ ತೇಪೆ ಹಾಕಿದ ಕಡೆ ಗೆರೆ ತಪ್ಪುವುದೇ ಹೆಚ್ಚು, ಅಲ್ಲಿ ತೋಳು ತಿದ್ದುವ ಶ್ರಮ ದಂಡ. ಕಾಲರ್, ಪಟ್ಟಿ, ತೋಳು ಮೂರೂ ಒಟ್ಟಿಗೆ ಕೆಟ್ಟಿದ್ದರೂ ಅಷ್ಟೇ: ಆ ಚಿತ್ರವನ್ನು ಬಿಸಾಕಿ ಹೊಸದಾಗಿ ರಚಿಸಿಕೊಳ್ಳುವುದೇ ಲಾಭ.